ಮಹಾರಾಷ್ಟ್ರದಲ್ಲಿ ಹೌದು, ಒಡಿಶಾದಲ್ಲಿ ಇಲ್ಲ: ನಡುವೆ ನಿಂತ ಥೀಸಿಸ್

ಪ್ರಶ್ನೆ: ಮೇಡಂ, ನಾನು ಯಾದಗಿರಿಯವಳು. ಕಲಬುರಗಿಯಲ್ಲಿ ಸಮಾಜಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ. ವಿಷಯ, ಯಾದಗಿರಿ ತಾಲೂಕಿನ ಹಳ್ಳಿಗಳಲ್ಲಿ ಶೌಚಾಲಯ ಮತ್ತು ಮಕ್ಕಳ ಬೆಳವಣಿಗೆ. ನಾಲ್ಕು ಹಳ್ಳಿ, ಐದು ವರ್ಷದೊಳಗಿನ ಮಕ್ಕಳಿರುವ 240 ಮನೆ ಅಂತ ಸಿನಾಪ್ಸಿಸ್‌ನಲ್ಲಿ ಬರೆದಿದ್ದೇನೆ. ಸಾಹಿತ್ಯ ಸಮೀಕ್ಷೆ ಬರೆಯುವಾಗ ಸಿಕ್ಕಿಹಾಕಿಕೊಂಡೆ. ಮಹಾರಾಷ್ಟ್ರದ ಅಧ್ಯಯನ ಮಕ್ಕಳ ಎತ್ತರ ಹೆಚ್ಚಿತು ಅನ್ನುತ್ತದೆ, ಒಡಿಶಾ ಮತ್ತು ಮಧ್ಯಪ್ರದೇಶದವು ಏನೂ ಬದಲಾಗಲಿಲ್ಲ ಅನ್ನುತ್ತವೆ. ಗೈಡ್ ಸರ್ ‘ಒಂದನ್ನ ತೆಗೆದುಬಿಡು, ಇಲ್ಲಾಂದ್ರೆ ವೈವಾದಾಗ ಕೇಳ್ತಾರ’ ಅಂದರು. ಗೆಳತಿ ‘ಇನ್ನಷ್ಟು ಅಧ್ಯಯನ ಅಗತ್ಯ ಅಂತ ಬರೆದು ಮುಗಿಸು’ ಅನ್ನುತ್ತಾಳೆ. ಯಾವುದು ಸರಿ?

ಉತ್ತರ: ಎರಡೂ ಬೇಡ. ತೆಗೆದರೆ ವೈವಾದಲ್ಲಿ ಕೇಳುವುದು ಇನ್ನೂ ಖಚಿತ, ಯಾಕೆಂದರೆ ಈ ಕ್ಷೇತ್ರ ಬಲ್ಲವರಿಗೆಲ್ಲ ಈ ಮೂರೂ ಅಧ್ಯಯನ ಬಾಯಿಪಾಠ. ನಿಮ್ಮ ಗೆಳತಿಯ ವಾಕ್ಯವನ್ನು ನಾನೂ ಒಂದು ಕಾಲಕ್ಕೆ ಬರೆದವಳೇ. ನನ್ನ ಥೀಸಿಸ್‌ನ ಎರಡನೇ ಅಧ್ಯಾಯ ‘ಫಲಿತಾಂಶಗಳಲ್ಲಿ ಏಕಾಭಿಪ್ರಾಯವಿಲ್ಲ, ಆದ್ದರಿಂದ ಹೆಚ್ಚಿನ ಅಧ್ಯಯನ ಅಗತ್ಯ’ ಎಂದು ಮುಗಿದಿತ್ತು. ಹೊರಗಿನಿಂದ ಬಂದ ಪರೀಕ್ಷಕರು ಆ ಪುಟಕ್ಕೆ ಬೆರಳಿಟ್ಟು, ‘ಹತ್ತು ಮಂದಿ ಹೌದು, ಎಂಟು ಮಂದಿ ಅಲ್ಲ ಅಂದಾರ. ನೀವು ಹನ್ನೊಂದನೇ ಹೌದೋ, ಒಂಬತ್ತನೇ ಅಲ್ಲವೋ?’ ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಓಟು ಎಣಿಸಿದ್ದೆ, ಮತದಾರರು ಬೇರೆಯಾದದ್ದು ಯಾಕೆಂದು ಕೇಳಿರಲಿಲ್ಲ.

ನೀವು ಈಗ ಆ ಪ್ರಶ್ನೆಯನ್ನೇ ಕೇಳಬೇಕು. ಮೂರೂ ಅಧ್ಯಯನ ಪ್ರಾಮಾಣಿಕವಾಗಿ ನಡೆದವೇ ಆಗಿದ್ದರೆ, ಅವುಗಳ ನಡುವೆ ಏನೋ ಒಂದು ಬೇರೆ ಇರಬೇಕು, ಇಲ್ಲವೇ ವ್ಯತ್ಯಾಸ ಬರೀ ಆಕಸ್ಮಿಕ ಇರಬೇಕು. ಬೇರೆ ಇರುವುದು ಯಾವುದು ಎಂದು ಕಂಡುಕೊಂಡು, ಅದು ನಿಮ್ಮ ನಾಲ್ಕು ಹಳ್ಳಿಯಲ್ಲಿ ಅಳೆಯಲು ಸಿಗುವಂಥದ್ದಾದರೆ, ಸಂಶೋಧನಾ ಪ್ರಶ್ನೆ ಸಿಕ್ಕಂತೆ.

ಅದಕ್ಕೂ ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆದುಹಾಕೋಣ. ‘ಪರಿಣಾಮ ಕಂಡುಬರಲಿಲ್ಲ’ ಎಂಬುದನ್ನು ವಿದ್ಯಾರ್ಥಿಗಳು ‘ಪರಿಣಾಮ ಇಲ್ಲವೆಂದು ಸಾಬೀತಾಯಿತು’ ಎಂದು ಓದುತ್ತಾರೆ. ಇವು ಬೇರೆ ಬೇರೆ ಮಾತು. ಕೆರೆಗೆ ಬಲೆ ಬೀಸಿದಾಗ ಮೀನು ಸಿಗದಿದ್ದರೆ ಕೆರೆಯಲ್ಲಿ ಮೀನಿಲ್ಲದಿರಬಹುದು, ಬಲೆಯ ಕಣ್ಣು ದೊಡ್ಡದಿದ್ದೀತು ಕೂಡ. ಹಾಗಾಗಿ ಪ್ರತಿ ಅಧ್ಯಯನದ ಸಾರಾಂಶ ಓದಿ ನಿಲ್ಲಿಸಬೇಡಿ. ಫಲಿತಾಂಶದ ಕೋಷ್ಟಕಕ್ಕೆ ಹೋಗಿ ವಿಶ್ವಾಸಾಂತರ, ಅಂದರೆ ನಿಜವಾದ ಪರಿಣಾಮ ಇರಬಹುದಾದ ಕೆಳಮಿತಿ ಮೇಲ್ಮಿತಿ, ಎಲ್ಲಿಂದ ಎಲ್ಲಿಗಿದೆ ನೋಡಿ. ‘ಇಲ್ಲ’ ಎಂದ ಅಧ್ಯಯನದ ಅಂತರದೊಳಗೆ ‘ಹೌದು’ ಎಂದ ಅಧ್ಯಯನದ ಸಂಖ್ಯೆ ಆರಾಮಾಗಿ ಕೂತಿದ್ದರೆ ಅಲ್ಲಿ ವಿರೋಧವೇ ಇಲ್ಲ. ಆಗ ನೀವು ಬರೆಯಬೇಕಾದದ್ದು ‘ಎರಡೂ ಒಂದನ್ನೊಂದು ಅಲ್ಲಗಳೆಯುವುದಿಲ್ಲ’ ಎಂದು. ಒಂದು ವಾರದ ಕೆಲಸವಾದರೂ ಇದನ್ನು ಮಾಡಿ.

ಈಗ ನಿಮ್ಮ ಮೂರು ಅಧ್ಯಯನಕ್ಕೆ ಬರೋಣ. ಒಂದು ಅಗಲವಾದ ಹಾಳೆ ತಗೊಂಡು ಅಡ್ಡ ಗೆರೆ ಎಳೆಯಿರಿ. ಪ್ರತಿ ಅಧ್ಯಯನಕ್ಕೆ ಒಂದು ಸಾಲು. ನಾಲ್ಕು ಕಾಲಂ ಸಾಕು: ಎಲ್ಲಿ, ಏನು ಮಾಡಿದರು, ಅದರಿಂದ ಹಳ್ಳಿಯಲ್ಲಿ ಎಷ್ಟು ಬದಲಾಯಿತು, ಕೊನೆಗೆ ಅಳೆದದ್ದು ಏನು. ಲೇಖಕರ ತೀರ್ಮಾನಕ್ಕೆ ಕಾಲಂ ಬೇಡ. ತೀರ್ಮಾನ ಎದುರಿಗಿದ್ದರೆ ಕಣ್ಣು ಅಲ್ಲೇ ಓಡುತ್ತದೆ.

ಒಡಿಶಾದ ಪುರಿ ಜಿಲ್ಲೆಯ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಒಟ್ಟು 100 ಹಳ್ಳಿ, ಅರ್ಧದಲ್ಲಿ ಶೌಚಾಲಯ ಕಟ್ಟಿಸುವ ಕಾರ್ಯಕ್ರಮ. ಆ ಹಳ್ಳಿಗಳಲ್ಲಿ ಶೌಚಾಲಯವಿರುವ ಮನೆಗಳ ಸರಾಸರಿ ಪಾಲು ಶೇ. 9ರಿಂದ 63ಕ್ಕೆ ಏರಿತು. ಆದರೂ ಹಿಂದಿನ ಏಳು ದಿನದಲ್ಲಿ ಭೇದಿಯಾದ ಮಕ್ಕಳು ಕಾರ್ಯಕ್ರಮ ನಡೆದ ಕಡೆ ಶೇ. 8.8, ನಡೆಯದ ಕಡೆ 9.1. ವ್ಯತ್ಯಾಸವಿಲ್ಲ ಅನ್ನಬೇಕು. ಅದೇ ವರ್ಷ ಬಂದ ಮಧ್ಯಪ್ರದೇಶದ ಅಧ್ಯಯನ ಧಾರ್ ಮತ್ತು ಖರಗೋನ್ ಜಿಲ್ಲೆಗಳ 80 ಹಳ್ಳಿಗಳದು. ಅಲ್ಲಿ ಕಾರ್ಯಕ್ರಮ ನಡೆದ ಹಳ್ಳಿಗಳಲ್ಲಿ ಸುಧಾರಿತ ಶೌಚಾಲಯ ಶೇ. 41 ಮನೆಗಳಲ್ಲಿ, ನಡೆಯದ ಹಳ್ಳಿಗಳಲ್ಲಿ ಶೇ. 22 ಮನೆಗಳಲ್ಲಿ. ಮಕ್ಕಳ ಆರೋಗ್ಯದಲ್ಲಿ ಗಮನಾರ್ಹ ಬದಲಾವಣೆ ಇಲ್ಲ. ಮಹಾರಾಷ್ಟ್ರದ ಅಧ್ಯಯನ ಅಹ್ಮದ್‌ನಗರ, ಈಗಿನ ಅಹಿಲ್ಯಾನಗರ ಜಿಲ್ಲೆಯದು. ಅಲ್ಲಿ ಮಕ್ಕಳ ಎತ್ತರ ಸುಮಾರು 0.3 ಪ್ರಮಾಣ ವಿಚಲನೆಯಷ್ಟು ಹೆಚ್ಚಿತು, ಅಂದರೆ ನಾಲ್ಕು ವರ್ಷದ ಮಗುವಿಗೆ ಒಂದೂಕಾಲು ಸೆಂಟಿಮೀಟರಿನ ಆಸುಪಾಸು.

ಹಾಳೆ ತುಂಬಿದ ಮೇಲೆ ಕಾರಣಗಳನ್ನು ಒಂದೊಂದಾಗಿ ಹಾಕಿ ನೋಡಬೇಕು. ಮಜಾ ಇರುವುದು ಇಲ್ಲೇ.

ಎಲ್ಲರಿಗೂ ಮೊದಲು ಹೊಳೆಯುವುದು ‘ಒಬ್ಬರು ಭೇದಿ ಅಳೆದರು, ಇನ್ನೊಬ್ಬರು ಎತ್ತರ ಅಳೆದರು, ಅದಕ್ಕೇ ಬೇರೆ’ ಎಂಬ ವಿವರಣೆ. ಕೇಳಲು ಚೆಂದ. ಭೇದಿಯ ಲೆಕ್ಕ ತಾಯಿಯ ನೆನಪಿನ ಮೇಲೆ ನಿಂತದ್ದು, ಎತ್ತರ ಅಳತೆಪಟ್ಟಿಯದು. ಆದರೆ ಕಾಲಂ ಮತ್ತೊಮ್ಮೆ ನೋಡಿ, ಒಡಿಶಾದವರೂ ಮಧ್ಯಪ್ರದೇಶದವರೂ ಎತ್ತರವನ್ನೂ ಅಳೆದಿದ್ದಾರೆ, ಅದರಲ್ಲೂ ವ್ಯತ್ಯಾಸ ಸಿಕ್ಕಿಲ್ಲ. ಈ ವಿವರಣೆ ಬಿದ್ದುಹೋಯಿತು.

ಎರಡನೆಯದು ‘ಶೌಚಾಲಯ ಸಾಕಷ್ಟು ಹೆಚ್ಚಿರಲಿಲ್ಲ’ ಎಂಬುದು. ಮಧ್ಯಪ್ರದೇಶಕ್ಕೆ ಇದು ಒಪ್ಪುತ್ತದೆ. ಒಡಿಶಾಕ್ಕೆ ಒಪ್ಪುವುದಿಲ್ಲ, ಅಲ್ಲಿ ಏರಿಕೆ ಎಲ್ಲಕ್ಕಿಂತ ದೊಡ್ಡದು. ಮಹಾರಾಷ್ಟ್ರದಲ್ಲಾದರೋ ಶೌಚಾಲಯದ ಏರಿಕೆ ಚಿಕ್ಕದೇ. ಅಂದರೆ ಹೆಚ್ಚು ಕಟ್ಟಿದ ಕಡೆ ಪರಿಣಾಮ ಕಾಣಲಿಲ್ಲ, ಕಡಿಮೆ ಕಟ್ಟಿದ ಕಡೆ ಕಂಡಿತು. ಈ ವಿವರಣೆ ಬೀಳುವುದಷ್ಟೇ ಅಲ್ಲ, ತಲೆಕೆಳಗಾಗುತ್ತದೆ. ನಿಮ್ಮ ಸಿನಾಪ್ಸಿಸ್ ‘ಶೌಚಾಲಯ ಇರುವ ಮನೆ, ಇಲ್ಲದ ಮನೆ’ ಎಂಬ ಹೋಲಿಕೆಯ ಮೇಲೆ ನಿಂತಿರುವುದರಿಂದ ಇದು ನಿಮಗೆ ಕೆಟ್ಟ ಸುದ್ದಿ. ಡೇಟಾ ಸಂಗ್ರಹಕ್ಕೆ ಮೊದಲೇ ಗೊತ್ತಾಯಿತಲ್ಲ, ಪುಣ್ಯ.

ಉಳಿಯುವುದು ಎರಡು. ಒಂದು, ಕಟ್ಟಿದ್ದಕ್ಕೂ ಬಳಸಿದ್ದಕ್ಕೂ ನಡುವಿನ ದೂರ. ಮಧ್ಯಪ್ರದೇಶದಲ್ಲಿ ಕಾರ್ಯಕ್ರಮವಾದ ಹಳ್ಳಿಗಳಲ್ಲೂ ದೊಡ್ಡವರಲ್ಲಿ ಶೇ. 73 ಮಂದಿ ಬಯಲಿಗೇ ಹೋಗುತ್ತಿದ್ದರು, ಕಾರ್ಯಕ್ರಮವಿಲ್ಲದ ಕಡೆ ಅದು ಶೇ. 84. ಹತ್ತರಲ್ಲಿ ಏಳು ಮಂದಿ ಬಯಲಿಗೆ ಹೋಗುವ ಊರಲ್ಲಿ ಮಗುವಿನ ಕಾಲಡಿಯ ಮಣ್ಣು ಎಷ್ಟು ಬದಲಾದೀತು? ಮಹಾರಾಷ್ಟ್ರದಲ್ಲಿ ಊರವರನ್ನೇ ಸೇರಿಸಿ ಬಯಲಿಗೆ ಹೋಗುವುದನ್ನು ಬಿಡಿಸುವ ಪ್ರಯತ್ನ ನಡೆಯಿತು. ಗೋಡೆ ಎದ್ದದ್ದು ಕಡಿಮೆಯಾದರೂ ನಡತೆ ಬದಲಾಗಿರಬಹುದು. ಇನ್ನೊಂದು, ಮಹಾರಾಷ್ಟ್ರದ ಫಲಿತಾಂಶ ಭಾಗಶಃ ಅದೃಷ್ಟದ್ದಾಗಿರಬಹುದು. ಮೂರು ಜಿಲ್ಲೆಗೆಂದು ಯೋಜಿಸಿದ ಪ್ರಯೋಗದಲ್ಲಿ ನಿಜವಾಗಿ ಕೆಲಸ ನಡೆದದ್ದು ಒಂದೇ ಜಿಲ್ಲೆಯಲ್ಲಿ. ಆ ಅಧ್ಯಯನ ಮಾಡಿದವರೇ ಈ ಫಲಿತಾಂಶ ಬೇರೆಡೆಗೆ ಎಷ್ಟು ಅನ್ವಯಿಸೀತು ಎಂದು ಲೇಖನದಲ್ಲಿ ಚರ್ಚಿಸಿದ್ದಾರೆ. ಈ ಎರಡನೆಯ ಸಾಧ್ಯತೆಯನ್ನು ನಿಮ್ಮ ಅಧ್ಯಾಯದಲ್ಲಿ ಒಂದು ವಾಕ್ಯದಲ್ಲಾದರೂ ಬರೆಯಿರಿ. ಬರೆಯದಿದ್ದರೆ, ನಿಮಗೆ ಬೇಕಾದ ವಿವರಣೆಯನ್ನು ಮಾತ್ರ ಆರಿಸಿಕೊಂಡಿದ್ದೀರಿ ಎಂಬ ಆಪಾದನೆ ಬರುತ್ತದೆ, ನ್ಯಾಯವಾಗಿಯೇ.

ಈಗ ನೋಡಿ, ವಿರೋಧ ಎಷ್ಟು ಕಿರಿದಾಯಿತು. ‘ಶೌಚಾಲಯದಿಂದ ಮಕ್ಕಳು ಬೆಳೆಯುತ್ತಾರೋ ಇಲ್ಲವೋ’ ಎಂದಿದ್ದದ್ದು ‘ಮನೆಯಲ್ಲಿ ಶೌಚಾಲಯ ಇರುವುದು ಮನೆಯವರೆಲ್ಲ ಬಳಸುವುದಕ್ಕೆ ಎಷ್ಟರ ಮಟ್ಟಿಗೆ ಸಮ’ ಎಂಬಲ್ಲಿಗೆ ಬಂದಿತು. ಹೀಗೆ ಕಿರಿದು ಮಾಡುವುದಕ್ಕೇ ಸಮೀಕ್ಷೆ ಬರೆಯುವುದು.

ಇಲ್ಲಿ ಇನ್ನೊಂದು ಅಧ್ಯಯನ ನಿಮ್ಮ ಕೈಹಿಡಿಯುತ್ತದೆ. 2018ರಲ್ಲಿ ನಾಲ್ಕು ರಾಜ್ಯಗಳ ಹಳ್ಳಿಗಳಲ್ಲಿ ಪ್ರಶ್ನೆ ಕೇಳುವ ರೀತಿಯನ್ನೇ ಪರೀಕ್ಷೆಗಿಟ್ಟರು. ಕೆಲವು ಮನೆಗಳಲ್ಲಿ ‘ನಿಮ್ಮ ಮನೆಯವರು ಸಾಮಾನ್ಯವಾಗಿ ಎಲ್ಲಿಗೆ ಹೋಗುತ್ತಾರೆ’ ಎಂದು ಒಟ್ಟಾಗಿ ಕೇಳಿದರು, ಇನ್ನು ಕೆಲವು ಮನೆಗಳಲ್ಲಿ ಒಬ್ಬೊಬ್ಬರ ಹೆಸರು ಹಿಡಿದು ಕೇಳಿದರು. ಹೆಸರು ಹಿಡಿದು ಕೇಳಿದಾಗ ಬಯಲಿಗೆ ಹೋಗುವವರ ಪಾಲು ಸುಮಾರು 20 ಶೇಕಡಾ ಅಂಶ ಹೆಚ್ಚು ಬಂತು. ಊರು ಅವೇ, ಜನ ಅಂಥವರೇ, ಪ್ರಶ್ನೆ ಮಾತ್ರ ಬೇರೆ. ಹಾಗಾಗಿ ನಿಮ್ಮ ಸಮೀಕ್ಷೆಯಲ್ಲಿರುವ ಉಳಿದ ಲೇಖನಗಳಲ್ಲಿ ‘ಬಳಕೆ’ ಎಂದು ಬಂದ ಕಡೆಯೆಲ್ಲ ಅದನ್ನು ಹೇಗೆ ಕೇಳಿದರು ಎಂದು ಹುಡುಕಿ. ಅರ್ಧಕ್ಕರ್ಧ ಜಗಳ ಅಲ್ಲೇ ತೀರಬಹುದು.

ನಿಮ್ಮ ಮುಂದೆ ಈಗ ಎರಡು ದಾರಿ. ಒಂದು, ಮಕ್ಕಳ ಎತ್ತರವನ್ನೇ ಇಟ್ಟುಕೊಂಡು, ಎಲ್ಲರೂ ಬಳಸುವ ಮನೆಗಳನ್ನೂ ಕೆಲವರಷ್ಟೇ ಬಳಸುವ ಮನೆಗಳನ್ನೂ ಹೋಲಿಸುವುದು. ಆಸೆ ಒಳ್ಳೆಯದು, ಲೆಕ್ಕ ಕೂಡುವುದಿಲ್ಲ. 0.3 ಪ್ರಮಾಣ ವಿಚಲನೆಯಷ್ಟು ವ್ಯತ್ಯಾಸವನ್ನು ನಂಬಿಕೆಯಿಂದ ಹಿಡಿಯಲು ಒಂದು ಗುಂಪಿಗೆ ಎಷ್ಟು ಮಕ್ಕಳು ಬೇಕು ಎಂಬುದಕ್ಕೆ ಒಂದು ಸರಳ ಸೂತ್ರವಿದೆ: 16 ÷ 0.3², ಅಂದರೆ ಸುಮಾರು 178. ಎರಡು ಗುಂಪಿಗೆ 356. ಇದು ಮಕ್ಕಳೆಲ್ಲ ಪರಸ್ಪರ ಸಂಬಂಧವಿಲ್ಲದವರು ಎಂದುಕೊಂಡಾಗ. ಒಂದೇ ಓಣಿಯ ಮಕ್ಕಳು ಒಂದೇ ನೀರು, ಒಂದೇ ಚರಂಡಿ, ಒಂದೇ ಅಂಗನವಾಡಿಯವರು, ಹಾಗಾಗಿ ಸಂಖ್ಯೆ ಇನ್ನೂ ಏರುತ್ತದೆ. 500ರ ಹತ್ತಿರ ಹೋದರೆ ಆಶ್ಚರ್ಯವಿಲ್ಲ. ನಿಮ್ಮ ಹತ್ತಿರ ಇರುವುದು 240 ಮನೆ, ನಾಲ್ಕೇ ಊರು. ನೀವು ಅಳೆದು ‘ವ್ಯತ್ಯಾಸ ಇಲ್ಲ’ ಎಂದು ಬರೆದರೆ, ಮತ್ತೊಂದು ತೂತುಬಲೆ ಬೀಸಿದ ಹಾಗೆ. ಅದರ ಮೇಲೆ, ಎಲ್ಲರೂ ಬಳಸುವ ಮನೆ ಅಂದರೆ ಸಾಮಾನ್ಯವಾಗಿ ನೀರಿನ ಅನುಕೂಲ, ನಾಲ್ಕಕ್ಷರ ಓದಿದ ತಾಯಿ, ಒಂದಿಷ್ಟು ಕಾಸು ಇರುವ ಮನೆ. ಮಗು ಎತ್ತರವಿದ್ದರೆ ಅದು ಶೌಚಾಲಯದಿಂದಲೋ ಕಾಸಿನಿಂದಲೋ ಎಂದು ಒಂದೇ ಸಲದ ಸರ್ವೆಯಿಂದ ಬಿಡಿಸಲಾಗದು.

ಎರಡನೇ ದಾರಿಯಲ್ಲಿ ಎತ್ತರವನ್ನು ಬಿಟ್ಟು, ಶೌಚಾಲಯ ಇರುವುದಕ್ಕೂ ಬಳಸುವುದಕ್ಕೂ ನಡುವಿನ ಕೊಂಡಿಯನ್ನೇ ಹಿಡಿಯುವುದು. 240 ಮನೆಯನ್ನೂ ಶೌಚಾಲಯ ಇರುವ ಮನೆಗಳಿಂದಲೇ ಆರಿಸಿ, ಯಾರು ಬಳಸುತ್ತಾರೆ, ಯಾರು ಇಲ್ಲ, ಯಾವ ತಿಂಗಳಲ್ಲಿ, ಯಾಕೆ ಎಂದು ಕೇಳುವುದು. ಇದಕ್ಕೆ ನಿಮ್ಮ ಮನೆಗಳ ಸಂಖ್ಯೆ ಸಾಕು. ಬೇಕಿದ್ದರೆ ಚೀಟಿ ಎತ್ತಿ 120 ಮನೆಗೆ ಒಟ್ಟಾಗಿ ಕೇಳುವ ಪ್ರಶ್ನೆ, 120 ಮನೆಗೆ ಹೆಸರು ಹಿಡಿದು ಕೇಳುವ ಪ್ರಶ್ನೆ ಹಂಚಬಹುದು. 20 ಅಂಶದಂಥ ದೊಡ್ಡ ವ್ಯತ್ಯಾಸವಿದ್ದರೆ ಹಿಡಿಯಲು ಗುಂಪಿಗೆ ನೂರರಷ್ಟು ಮನೆ ಸಾಕಾಗುತ್ತದೆ. ಈ ದಾರಿಯ ಅಪಾಯವೂ ಇದೆ: ‘ಮಕ್ಕಳ ಬೆಳವಣಿಗೆ ಎಲ್ಲಿ ಹೋಯಿತು’ ಎಂದು ಸಮಿತಿ ಕೇಳುತ್ತದೆ, ಶೀರ್ಷಿಕೆ ಬದಲಿಸಲು ಅರ್ಜಿ ಕೊಡಬೇಕಾಗುತ್ತದೆ. ನಿಮ್ಮ ಅಧ್ಯಯನ ಮೂರು ರಾಜ್ಯಗಳ ಜಗಳವನ್ನು ತೀರಿಸುವುದೂ ಇಲ್ಲ. ಆ ಜಗಳದ ಒಂದು ವಿವರಣೆ ನಮ್ಮ ಭಾಗದಲ್ಲಿ ನಿಲ್ಲುತ್ತದೋ ಇಲ್ಲವೋ ಎಂದಷ್ಟೇ ಹೇಳುತ್ತದೆ. ನಾನಾದರೆ ಇದನ್ನೇ ಹಿಡಿಯುತ್ತಿದ್ದೆ.

ಪ್ರಶ್ನೆ ಗಟ್ಟಿಯೋ ಎಂದು ನೋಡಲು ನನ್ನ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡುತ್ತೇನೆ. ಡೇಟಾ ಬರುವ ಮೊದಲೇ ಎರಡು ಫಲಿತಾಂಶ ಕಲ್ಪಿಸಿಕೊಂಡು ಎರಡಕ್ಕೂ ಒಂದೊಂದು ವಾಕ್ಯ ಬರೆಯಬೇಕು. ನಿಮ್ಮದರಲ್ಲಿ, ಶೌಚಾಲಯವಿದ್ದ ಮನೆಗಳಲ್ಲಿ ಹೆಚ್ಚಿನವರು ಬಳಸುತ್ತಿದ್ದರೆ, ‘ಕಟ್ಟಿದರೂ ಬಳಸಲಿಲ್ಲ’ ಎಂಬ ವಿವರಣೆ ಇಲ್ಲಿ ಸಾಲದು, ಬೇರೆ ಹುಡುಕಬೇಕು. ಅರ್ಧದಷ್ಟು ಜನ ಬಳಸದಿದ್ದರೆ, ಶೌಚಾಲಯದ ಎಣಿಕೆಯನ್ನೇ ಅಳತೆಗೋಲು ಮಾಡಿಕೊಂಡ ಅಧ್ಯಯನಗಳನ್ನು ಎಚ್ಚರದಿಂದ ಓದಬೇಕು. ಎರಡೂ ವಾಕ್ಯ ಓದಲು ತಕ್ಕದ್ದಾದವು, ಪ್ರಶ್ನೆ ನಿಂತಿತು. ಒಂದು ಬಂದರೆ ಮಾತ್ರ ಅರ್ಥ, ಇನ್ನೊಂದು ಬಂದರೆ ಥೀಸಿಸ್ ಮುಳುಗಿತು ಅನ್ನುವ ಹಾಗಿದ್ದರೆ ಪ್ರಶ್ನೆ ಇನ್ನೂ ಹಸಿ.

ಇನ್ನು ಬರವಣಿಗೆ. ‘ಅವರು ಹೀಗೆಂದರು, ಇವರು ಹಾಗೆಂದರು’ ಎಂದು ಒಂದೊಂದು ಅಧ್ಯಯನಕ್ಕೆ ಒಂದು ಪ್ಯಾರಾ ಬರೆದಿದ್ದರೆ ಅದನ್ನು ಒಡೆದು ಹೀಗೆ ಕಟ್ಟಿ:

‘ಗ್ರಾಮೀಣ ಶೌಚಾಲಯ ಕಾರ್ಯಕ್ರಮಗಳಿಂದ ಮಕ್ಕಳ ಎತ್ತರ ಹೆಚ್ಚುತ್ತದೆಯೇ ಎಂಬುದಕ್ಕೆ ಮಹಾರಾಷ್ಟ್ರದ ಪ್ರಯೋಗ ಒಂದು ಉತ್ತರ ಕೊಟ್ಟರೆ ಒಡಿಶಾ ಮತ್ತು ಮಧ್ಯಪ್ರದೇಶದವು ಇನ್ನೊಂದನ್ನು ಕೊಟ್ಟಿವೆ. ಅಳೆದ ಅಂಶ ಬೇರೆ ಎಂಬುದು ಇದಕ್ಕೆ ಕಾರಣವಾಗದು, ಮೂರರಲ್ಲೂ ಎತ್ತರ ಅಳೆಯಲಾಗಿದೆ. ಶೌಚಾಲಯಗಳ ಸಂಖ್ಯೆಯೂ ಕಾರಣವಾಗದು, ಏರಿಕೆ ಅತಿ ಹೆಚ್ಚಾದ ಒಡಿಶಾದಲ್ಲಿ ಪರಿಣಾಮ ಕಂಡಿಲ್ಲ. ಮಹಾರಾಷ್ಟ್ರದ ಫಲಿತಾಂಶ ಆಕಸ್ಮಿಕವಾಗಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಆದರೆ ಇರುವ ಶೌಚಾಲಯವನ್ನು ಮನೆಯ ಎಷ್ಟು ಮಂದಿ ಬಳಸುತ್ತಾರೆ ಎಂಬುದು ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತಿದ್ದರೆ ಈ ಭಿನ್ನತೆ ಅರ್ಥವಾಗುತ್ತದೆ. ಬಳಕೆಯ ಅಂಕಿ ಪ್ರಶ್ನೆ ಕೇಳುವ ರೀತಿಯನ್ನೂ ಅವಲಂಬಿಸಿದೆ. ಆದ್ದರಿಂದ ಪ್ರಸ್ತುತ ಅಧ್ಯಯನ ಕೇಳುವುದು ಇದನ್ನು: ಯಾದಗಿರಿ ತಾಲೂಕಿನ ನಾಲ್ಕು ಹಳ್ಳಿಗಳಲ್ಲಿ ಶೌಚಾಲಯವಿರುವ ಮನೆಗಳ ಸದಸ್ಯರಲ್ಲಿ ಯಾರು, ಯಾವ ಕಾಲದಲ್ಲಿ ಅದನ್ನು ಬಳಸುತ್ತಾರೆ, ಮತ್ತು ಮನೆಮಟ್ಟದ ಪ್ರಶ್ನೆ ಹಾಗೂ ವ್ಯಕ್ತಿಮಟ್ಟದ ಪ್ರಶ್ನೆಗಳಿಂದ ಬರುವ ಅಂಕಿಗಳ ನಡುವೆ ಎಷ್ಟು ಅಂತರವಿದೆ?’

ಇದರಲ್ಲಿ ‘ಯಾದಗಿರಿಯಲ್ಲಿ ಈವರೆಗೆ ಯಾರೂ ಅಧ್ಯಯನ ಮಾಡಿಲ್ಲ’ ಎಂಬ ವಾಕ್ಯ ಇಲ್ಲ, ಗಮನಿಸಿ. ನಮ್ಮ ಕಡೆಯ ಸಿನಾಪ್ಸಿಸ್‌ಗಳಲ್ಲಿ ಅದು ಮಾಮೂಲು. ಚಿಂಚೋಳಿಯಲ್ಲಿ ಮಾಡಿಲ್ಲ, ಔರಾದದಲ್ಲಿ ಮಾಡಿಲ್ಲ ಎಂದು ತಾಲೂಕಿಗೊಂದು ಥೀಸಿಸ್ ಹುಟ್ಟಿದೆ. ಊರು ಕಾರಣವಾಗಬೇಕಾದರೆ ಆ ಊರಲ್ಲಿ ವಿವರಣೆಗೆ ಬೇಕಾದ್ದು ಏನೋ ಇರಬೇಕು. ನಿಮ್ಮಲ್ಲಿ ಇದೆ: ಬೇಸಿಗೆಯ ನೀರು, ಗುಳೆ.

ಅದಕ್ಕೇ ಸರ್ವೆಯ ತಿಂಗಳ ಬಗ್ಗೆ ಯೋಚಿಸಿ. ಏಪ್ರಿಲ್‌ನಲ್ಲಿ ಹೋದರೆ ಕೊಡ ನೀರಿಗೆ ಅರ್ಧ ದಿನ ಕಳೆಯುವ ಮನೆಯಲ್ಲಿ ಶೌಚಾಲಯಕ್ಕೆ ನೀರೆಲ್ಲಿಂದ? ಗಂಡಸರು ಬೆಂಗಳೂರು, ಪುಣೆ ಕಡೆ ದುಡಿಯಲು ಹೋಗಿರುತ್ತಾರೆ, ಬಳಸದವರೇ ಲೆಕ್ಕದಿಂದ ಹೊರಗುಳಿಯುತ್ತಾರೆ. ಮಳೆ ಹಿಡಿದ ಮೇಲೆ ಹೋದರೆ ಚಿತ್ರ ಬೇರೆ. ಎರಡು ಸಲ ಹೋಗಲಾಗದಿದ್ದರೆ, ಹೋದ ತಿಂಗಳನ್ನು ಪ್ರಶ್ನೆಯೊಳಗೇ ಬರೆಯಿರಿ.

ಪ್ರಶ್ನಾವಳಿಯಲ್ಲಿ ‘ಬಯಲು ಮಲವಿಸರ್ಜನೆ’ ಎಂದು ಅಚ್ಚಿಸಿ ಅದನ್ನೇ ಓದಬೇಡಿ. ಹಿಂದೊಮ್ಮೆ ನಾನು ಹಾಗೆ ಓದಿದಾಗ ಮುದುಕಿಯೊಬ್ಬರು ‘ಅದೇನ್ ರೋಗ ತಂಗಿ?’ ಅಂದರು. ‘ಚರಗಿ ತೊಗೊಂಡು ಹೊರಗ ಹೋಗ್ತೀರೇನು’ ಅಂದರೆ ತಿಳಿಯುತ್ತದೆ. ಮೊದಲು ಮನೆಯವರ ಹೆಸರು ಬರೆದುಕೊಳ್ಳಿ, ಆಮೇಲೆ ಒಬ್ಬೊಬ್ಬರನ್ನೇ ಕೇಳಿ: ‘ನಿಮ್ಮ ಮಾವನವರು ನಿನ್ನೆ ಎಲ್ಲಿ ಹೋಗಿದ್ರು, ಮನ್ಯಾಗೋ ಹೊರಗೋ? ಕೆಲವರು ಹೊರಗ ಹೋಗ್ತಾರ, ಕೆಲವರು ಮನ್ಯಾಗ ಹೋಗ್ತಾರ.’ ಕೊನೆಯ ಮಾತು ಮುಖ್ಯ, ಹೊರಗೆ ಎಂದು ಹೇಳಲು ಅದು ಅವಕಾಶ ಕೊಡುತ್ತದೆ. ಕೂಸಿನ ಮಲ ಎಲ್ಲಿ ಎಸೆಯುತ್ತಾರೆ ಎಂಬುದನ್ನೂ ಸೇರಿಸಿ, ಅದನ್ನು ಕೇಳುವವರು ಕಡಿಮೆ. ಶೌಚಾಲಯವನ್ನು ಕಣ್ಣಾರೆ ನೋಡಲು ಅನುಮತಿ ಪಡೆಯಿರಿ. ಒಳಗೆ ಕುಳ್ಳು, ಕಟ್ಟಿಗೆ ಒಟ್ಟಿದ್ದರೆ, ಬಾಗಿಲ ಮುಂದೆ ಹುಲ್ಲು ಬೆಳೆದಿದ್ದರೆ ಬರೆದುಕೊಳ್ಳಿ. ‘ಎಲ್ಲರೂ ಹೋಗ್ತೀವಿ’ ಎಂಬ ಉತ್ತರದ ಪಕ್ಕ ಆ ಕುಳ್ಳಿನ ಸಾಲು ಇರಲಿ.

ಒಂದೇ ಓಣಿಯಲ್ಲಿ ಎರಡು ಬಗೆಯ ಪ್ರಶ್ನಾವಳಿ ಹಂಚಿದರೆ ನೆರೆಮನೆಯವರು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಾರೆ. ಮನೆಯೊಳಗೆ ಕೂತು ಕೇಳಿ, ಅಥವಾ ಒಂದು ಓಣಿಯನ್ನು ಒಂದೇ ದಿನ ಮುಗಿಸಿ.

ಗೈಡ್ ಸರ್ ಹತ್ತಿರ ಹೋಗುವಾಗ ‘ಮೂರನ್ನೂ ಉಳಿಸಬೇಕು’ ಎಂದು ವಾದಕ್ಕೆ ನಿಲ್ಲಬೇಡಿ. ಆ ಅಗಲ ಹಾಳೆಯನ್ನು ಅವರ ಮುಂದೆ ಹರಡಿ, ‘ಸರ್, ಕಟ್ಟಿದ್ದು ಹೆಚ್ಚಾದ ಕಡೆನೇ ಪರಿಣಾಮ ಇಲ್ಲ, ಯಾಕಿರಬಹುದ್ರಿ?’ ಎಂದು ಕೇಳಿ. ಶೀರ್ಷಿಕೆ ಬದಲಾವಣೆಯ ಅರ್ಜಿಗೆ ಅವರ ಸಹಿ ಬೇಕಾಗುತ್ತದೆ, ಅದನ್ನು ಅದೇ ದಿನ ಕೇಳಬೇಡಿ, ಮುಂದಿನ ವಾರ ಕೇಳಿ.